ಕೂದಲು ಹೋಗುತ್ತಿರುವುದು ಸ್ಕಾರ್ಫಿನಿಂದಲ್ಲ, ಬಿಗಿತದಿಂದ

ಹಣೆಯಂಚಿನ ಕೂದಲು ತೆಳ್ಳಗಾದರೆ ನಮ್ಮ ಮನೆಗಳಲ್ಲಿ ಮೂರು ಉತ್ತರ ಸಿದ್ಧವಾಗಿರುತ್ತವೆ. ಕರಾವಳಿಯಿಂದ ಅಫಜಲಪುರಕ್ಕೆ ಬಂದವಳಾದರೆ, "ಇಲ್ಲಿನ ಬೋರ್ ನೀರು ಆಗಿ ಬರಲಿಲ್ಲ." ಬಾಣಂತನ ಮುಗಿಸಿದವಳಾದರೆ, "ಮಗು ನಗೋಕೆ ಶುರು ಮಾಡಿದ್ರೆ ಕೂದಲು ಹೋಗೋದೇ." ಹೇಳುವವರು ಹೊರಗಿನವರಾದರೆ, "ಇಡೀ ದಿನ ತಲೆ ಮುಚ್ಚಿಕೊಂಡಿದ್ರೆ ಗಾಳಿ ಎಲ್ಲಿ ಆಡುತ್ತೆ?" ಮೂರನ್ನೂ ಕೇಳಿ ಸುಮ್ಮನಾಗುತ್ತೇವೆ. ಅಂಗಡಿಯಿಂದ ಇನ್ನೊಂದು ಎಣ್ಣೆ ಬಾಟಲಿ ತರುತ್ತೇವೆ. ಮೇಲೆ ಸ್ಕಾರ್ಫ್ ಇದ್ದೇ ಇದೆ, ಯಾರಿಗೂ ಕಾಣುವುದಿಲ್ಲ. ಹೀಗೆ ಎರಡು ಮೂರು ವರ್ಷ ಕಳೆದುಹೋಗುತ್ತದೆ.

ನಮ್ಮ ವಾದ ಇಷ್ಟೇ. ಪ್ರತಿದಿನ ಸ್ಕಾರ್ಫ್ ಧರಿಸುವ ಹೆಣ್ಣುಮಕ್ಕಳಲ್ಲಿ ಹಣೆ ಮತ್ತು ಕಪಾಲದ ಅಂಚಿನಲ್ಲಿ ಮಾತ್ರ ಕೂದಲು ಕಡಿಮೆಯಾಗುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ನೀರನ್ನಲ್ಲ, ಬಟ್ಟೆಯನ್ನೂ ಅಲ್ಲ. ಒಂದೇ ಜಾಗದ ಮೇಲೆ ದಿನವೂ ಬೀಳುವ ಎಳೆತವನ್ನು. ತಲೆ ಮುಚ್ಚಿದರೆ ಬೇರು ಉಸಿರುಗಟ್ಟುತ್ತದೆ ಎನ್ನುವುದು ನಿಜವಲ್ಲ. ಕೂದಲಿನ ಬೇರಿಗೆ ಬೇಕಾದದ್ದು ರಕ್ತದಿಂದ ಸಿಗುತ್ತದೆ, ಹೊರಗಿನ ಗಾಳಿಯಿಂದಲ್ಲ. ನೀರು ಕಾರಣವಾಗಿದ್ದರೆ ಇಡೀ ತಲೆಯ ಕೂದಲು ಒರಟಾಗಬೇಕಿತ್ತು, ಹಣೆಯಂಚಿನದ್ದು ಮಾತ್ರ ಅಲ್ಲ. ಹೆರಿಗೆಯ ನಂತರ ಕೂದಲು ಉದುರುವುದು ಹೌದು, ಆದರೆ ಅದು ಸಾಮಾನ್ಯವಾಗಿ ತಲೆಯ ಎಲ್ಲ ಕಡೆಯಿಂದ ಉದುರುತ್ತದೆ ಮತ್ತು ತಿಂಗಳುಗಳಲ್ಲಿ ತಾನಾಗಿಯೇ ನಿಲ್ಲುತ್ತದೆ.

ಎಳೆತದಿಂದ ಕೂದಲು ಹೋಗುವ ಈ ತೊಂದರೆಗೆ ವೈದ್ಯರು ಟ್ರಾಕ್ಷನ್ ಅಲೋಪೇಸಿಯ ಎನ್ನುತ್ತಾರೆ. ಇದು ಮುಸ್ಲಿಂ ಹೆಣ್ಣುಮಕ್ಕಳ ಕಾಯಿಲೆಯಲ್ಲ. 1907ರಲ್ಲಿ ಇದನ್ನು ಮೊದಲು ವಿವರಿಸಿದ್ದು ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ. ಅವರು ಕೂದಲನ್ನು ಬಿಗಿಯಾಗಿ ಮೇಲಕ್ಕೆಳೆದು ಗಂಟು ಕಟ್ಟುತ್ತಿದ್ದರು. ಪೇಟದೊಳಗೆ ಬಿಗಿಯಾಗಿ ಜೂಡಾ ಕಟ್ಟುವ ಸಿಖ್ ಗಂಡಸರಲ್ಲೂ ಇದು ಕಂಡಿದೆ. ಬಿಳಿ ಟೊಪ್ಪಿಯನ್ನು ಕೂದಲಿಗೆ ಪಿನ್ ಮಾಡಿಕೊಳ್ಳುತ್ತಿದ್ದ ನರ್ಸ್‌ಗಳಲ್ಲೂ ಕಂಡಿದೆ, 1973ರಲ್ಲಿ ಅಮೆರಿಕದ ಚರ್ಮವೈದ್ಯರು ಅದರ ಬಗ್ಗೆ ಬರೆದಿದ್ದಾರೆ. ಗ್ರೀನ್‌ಲ್ಯಾಂಡ್, ಸಿಖ್, ನರ್ಸ್, ನಾವು: ಎಲ್ಲರಲ್ಲೂ ಇರುವ ಸಮಾನ ಸಂಗತಿ ಬಟ್ಟೆಯಲ್ಲ, ಎಳೆತ. ನಮ್ಮ ಅಜ್ಜಿಯಂದಿರೂ ತಲೆಗೆ ಬಟ್ಟೆ ಹಾಕಿಕೊಂಡೇ ಬದುಕಿದವರು. ಆದರೆ ಅದು ಸಡಿಲವಾಗಿ ಹೊದ್ದ ಬಟ್ಟೆ. ಒಳಗೆ ಇಲಾಸ್ಟಿಕ್ ಕ್ಯಾಪ್ ಇರಲಿಲ್ಲ, ಕಪಾಲದ ಮೇಲೆ ಪಿನ್ ಇರಲಿಲ್ಲ.

ಅಫಜಲಪುರದ ಒಂದು ದಿನ

ಎಳೆತ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ನಮ್ಮ ಬಳಗದ ಒಬ್ಬಾಕೆಯ ದಿನವನ್ನೇ ನೋಡೋಣ. ಊರು ಕರಾವಳಿ, ಮದುವೆಯಾಗಿ ಬಂದದ್ದು ಅಫಜಲಪುರಕ್ಕೆ. ಶಾಲೆಯಲ್ಲಿ ಟೀಚರ್. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಾಗಾಗಿ ಬೆಳಿಗ್ಗೆ ಆರಕ್ಕೆ ದಿನವೂ ತಲೆಗೆ ನೀರು. ಬಸ್ಸಿಗೆ ಹೊತ್ತಾಗುತ್ತದೆಂದು ಒದ್ದೆ ಕೂದಲನ್ನೇ ತಿರುಚಿ, ನೆತ್ತಿಯ ಹಿಂದೆ ಎತ್ತರಕ್ಕೆ ಸೂಡಿ ಕಟ್ಟಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು. ಅದರ ಮೇಲೆ ನೈಲಾನ್ ಮಿಶ್ರಣದ ಟ್ಯೂಬ್ ಕ್ಯಾಪ್. ಅದರ ಮೇಲೆ ಜಾರುವ ಬಟ್ಟೆಯ ಸ್ಕಾರ್ಫ್. ಜಾರುತ್ತದಲ್ಲ, ಅದಕ್ಕೆ ಎರಡೂ ಕಪಾಲದಲ್ಲಿ ಒಂದೊಂದು ಪಿನ್, ಕೂದಲನ್ನೂ ಸೇರಿಸಿ. ಸಂಜೆ ಐದಕ್ಕೆ ಮನೆ. ಸ್ಕಾರ್ಫ್ ತೆಗೆದರೂ ಸೂಡಿ ಹಾಗೆಯೇ, ಮಲಗುವಾಗಲೂ ಹಾಗೆಯೇ.

ಇದರಲ್ಲಿ ಮೂರು ಸಂಗತಿ ಒಟ್ಟಿಗೆ ನಡೆಯುತ್ತಿವೆ. ಒದ್ದೆ ಕೂದಲು ಒಣ ಕೂದಲಿಗಿಂತ ಹೆಚ್ಚು ಹಿಗ್ಗುತ್ತದೆ ಮತ್ತು ಬೇಗ ತುಂಡಾಗುತ್ತದೆ. ಅದನ್ನು ಹಿಗ್ಗಿದ ಸ್ಥಿತಿಯಲ್ಲೇ ಕಟ್ಟಿಹಾಕಿದ್ದಾಯಿತು. ಎತ್ತರದ ಸೂಡಿ ಹಣೆಯಂಚಿನ ಕೂದಲನ್ನು ಹಿಂದಕ್ಕೆ ಎಳೆಯುತ್ತದೆ, ಅದರ ಮೇಲೆ ಕ್ಯಾಪಿನ ಅಂಚು ಅದೇ ಗೆರೆಯ ಮೇಲೆ ಉಜ್ಜುತ್ತದೆ. ಮೂರನೆಯದು, ಇದೆಲ್ಲವೂ ದಿನವೂ ಅದೇ ಜಾಗದಲ್ಲಿ. ಹಣೆಯಂಚಿನ ಕೂದಲು ಮೊದಲೇ ನವಿರು. ಒಂದು ದಿನ ಬಿಗಿಯಾದರೆ ಏನೂ ಆಗುವುದಿಲ್ಲ. ನೂರಾರು ದಿನ ಒಂದೇ ಗೆರೆಯ ಮೇಲೆ ಬಿದ್ದರೆ ಬೇರಿನ ಸುತ್ತ ಉರಿಯೂತ ಶುರುವಾಗುತ್ತದೆ.

ಅವಳಿಗೆ ಮೊದಲು ಕಂಡದ್ದು ಸಂಜೆಯ ತಲೆನೋವು. ಸೂಡಿ ಬಿಚ್ಚಿದರೆ ಹತ್ತು ನಿಮಿಷದಲ್ಲಿ ಹೋಗುತ್ತಿತ್ತು. ಆಮೇಲೆ ಹಣೆಯಂಚಿನ ಹಿಂದೆ ಸಣ್ಣ ಸಣ್ಣ ಕೆಂಪು ಗುಳ್ಳೆ. ಬೆವರು ಸಾಲೆ ಎಂದುಕೊಂಡು ಪೌಡರ್ ಹಾಕಿದಳು. ವರ್ಷವಾಗುವಾಗ ಎರಡೂ ಕಿವಿಯ ಮೇಲ್ಭಾಗದಲ್ಲಿ ಎರಡು ಬೆರಳ ಅಗಲದ ಜಾಗ ತೆಳ್ಳಗಾಗಿತ್ತು. ಆದರೆ ಅದರ ಮುಂದೆ, ಹಣೆಯ ಅಂಚಿನಲ್ಲಿ, ನವಿರಾದ ಗಿಡ್ಡ ಕೂದಲಿನ ಒಂದು ಸಾಲು ಹಾಗೆಯೇ ಉಳಿದಿತ್ತು. ಸೂಡಿಗೆ ಸಿಗದಷ್ಟು ಗಿಡ್ಡವಾದ್ದರಿಂದ ಅದು ಎಳೆತದಿಂದ ತಪ್ಪಿಸಿಕೊಂಡಿತ್ತು. ಚರ್ಮವೈದ್ಯರು ಎಳೆತವನ್ನು ಗುರುತಿಸುವುದೂ ಈ ಸಾಲಿನಿಂದಲೇ. ನಾವೂ ಕನ್ನಡಿ ಮುಂದೆ ನಿಂತು ನೋಡಬಹುದು: ಅಂಚಿನಲ್ಲಿ ಜಾಲರಿಯಂಥ ಸಾಲು, ಅದರ ಹಿಂದೆ ತೆಳ್ಳಗಿನ ಪಟ್ಟಿ ಇದ್ದರೆ ಅದು ನೀರಿನ ಕೆಲಸವಲ್ಲ.

ಕ್ಯಾಪ್ ಅಳೆದು ನೋಡಿ

ಮೊದಲು ಬದಲಾಗಬೇಕಾದದ್ದು ಕ್ಯಾಪ್. ಅಳತೆ ಟೇಪಿನಿಂದ ಹಣೆಯ ಸುತ್ತ ತಲೆಯನ್ನು ಅಳೆಯಿರಿ. 55 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಈಗ ಕ್ಯಾಪನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟು ಬಾಯಿಯ ಅಗಲ ಅಳೆಯಿರಿ. 20 ಸೆಂ.ಮೀ. ಇದ್ದರೆ ಸುತ್ತಳತೆ 40. ಅಂದರೆ ನಿಮ್ಮ ತಲೆಗೆ ಏರಲು ಅದು 15 ಸೆಂ.ಮೀ. ಹಿಗ್ಗಬೇಕು. ಹಿಗ್ಗಿದ್ದು ವಾಪಸ್ ಕುಗ್ಗಲು ಇಡೀ ದಿನ ಪ್ರಯತ್ನಿಸುತ್ತಿರುತ್ತದೆ, ಆ ಒತ್ತಡವೆಲ್ಲ ಹಣೆಯಂಚಿನ ಮೇಲೆ. ಸಂಜೆ ಕ್ಯಾಪ್ ತೆಗೆದಾಗ ಹಣೆಯಲ್ಲಿ ಅಚ್ಚೊತ್ತಿದ ಗೆರೆ ಅರ್ಧ ಗಂಟೆಯಾದರೂ ಮಾಯದಿದ್ದರೆ ಅದು ಬಿಗಿ ಎಂದೇ ಅರ್ಥ.

ನಮ್ಮಲ್ಲಿ ಹಲವರು ಮಾಡಿಕೊಂಡ ಪರಿಹಾರ ಸುಲಭದ್ದು. ಬನಿಯನ್ ಬಟ್ಟೆ, ಅಂದರೆ ಹತ್ತಿಯ ಹೊಸೈರಿ, ಅರ್ಧ ಮೀಟರ್ ತಂದು ದರ್ಜಿ ಹತ್ತಿರ ಕ್ಯಾಪ್ ಹೊಲಿಸುವುದು. ಸುತ್ತಳತೆ ತಲೆಯಷ್ಟೇ, ಹೆಚ್ಚೆಂದರೆ ಎರಡು ಸೆಂ.ಮೀ. ಕಡಿಮೆ. ಇಲಾಸ್ಟಿಕ್ ಬೇಡ, ಹಿಂದೆ ಕುತ್ತಿಗೆಯ ಹತ್ತಿರ ಕಟ್ಟಿಕೊಳ್ಳಲು ಎರಡು ಲಾಡಿ ಸಾಕು. ಬಿಗಿ ಎಷ್ಟು ಬೇಕೋ ಅಷ್ಟು ನಾವೇ ಇಟ್ಟುಕೊಳ್ಳಬಹುದು, ಮಧ್ಯಾಹ್ನ ಸಡಿಲಿಸಬಹುದು. ಹಾಕುವಾಗ ಕ್ಯಾಪಿನ ಅಂಚು ಕೂದಲ ಗೆರೆಯ ಮೇಲೆ ಬೀಳದೆ ಅದಕ್ಕಿಂತ ಒಂದು ಬೆರಳು ಮುಂದೆ, ಹಣೆಯ ಚರ್ಮದ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು.

"ಸಡಿಲ ಮಾಡಿದ್ರೆ ಜಾರುತ್ತಲ್ಲ" ಎಂದು ಎಲ್ಲರೂ ಕೇಳುತ್ತಾರೆ. ಜಾರುವುದು ಸಡಿಲವಾದ್ದರಿಂದಲ್ಲ, ನುಣುಪಾದ್ದರಿಂದ. ಸ್ಯಾಟಿನ್, ನೈಲಾನ್ ಮೇಲೆ ಯಾವ ಸ್ಕಾರ್ಫೂ ನಿಲ್ಲದು, ಹಾಗಾಗಿ ನಾವು ಬಿಗಿ ಮಾಡುತ್ತೇವೆ. ಹತ್ತಿಯ ಕ್ಯಾಪ್ ಮೇಲೆ ಹತ್ತಿಯ ತೆಳು ಸ್ಕಾರ್ಫ್, ಮಲ್ಮಲ್ ಅಥವಾ ವಾಯಿಲ್, ಹಿಡಿದುಕೊಳ್ಳುತ್ತದೆ. ಪಿನ್ ಬೇಕಾದರೆ ಸ್ಕಾರ್ಫನ್ನು ಕ್ಯಾಪಿಗೆ ಚುಚ್ಚಿ, ಕೂದಲಿಗೆ ಬೇಡ. ಸ್ಯಾಟಿನ್‌ಗೆ ಒಂದು ಒಳ್ಳೆಯ ಜಾಗವಿದೆ: ರಾತ್ರಿ ತಲೆದಿಂಬಿನ ಕವರ್. ಅಲ್ಲಿ ನುಣುಪು ಇದ್ದರೆ ಕೂದಲು ಉಜ್ಜುವುದು ಕಡಿಮೆ.

ಸೂಡಿಯನ್ನು ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿ, ಮರುದಿನ ಸಡಿಲ ಜಡೆ ಹಾಕಿ, ಇನ್ನೊಂದು ದಿನ ಪಕ್ಕಕ್ಕೆ. ಒಂದೇ ಕಡೆ ಎರಡು ದಿನ ಬೇಡ. ರಬ್ಬರ್ ಬ್ಯಾಂಡ್ ಬದಲು ಬಟ್ಟೆ ಸುತ್ತಿದ್ದು. ಕಟ್ಟಿದ ಮೇಲೆ ಹುಬ್ಬು ಎತ್ತಿ ಇಳಿಸಿ ನೋಡಿ. ನೆತ್ತಿಯ ಚರ್ಮ ಎಳೆದಂತಾದರೆ ಬಿಚ್ಚಿ ಮತ್ತೆ ಕಟ್ಟಬೇಕು. ಪುಟ್ಟ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಬೆಳಿಗ್ಗೆ ಮದ್ರಸಕ್ಕೆ ಕಳಿಸುವ ಗಡಿಬಿಡಿಯಲ್ಲಿ ಒದ್ದೆ ತಲೆಗೆ ಎರಡು ಬಿಗಿ ಜಡೆ, ಮೇಲೆ ದೊಡ್ಡವರ ಕ್ಯಾಪ್ ಹಾಕುತ್ತೇವೆ. ಮಗು "ಉಮ್ಮಾ, ನೋಯ್ತದೆ" ಎಂದರೆ ಅದು ಹಟವಲ್ಲ.

ಬೆವರಿನ ಲೆಕ್ಕ

ಕರಾವಳಿಯ ಬೆವರಿಗೂ ಇಲ್ಲಿನ ಬೆವರಿಗೂ ವ್ಯತ್ಯಾಸವಿದೆ. ಅಲ್ಲಿ ಗಾಳಿಯಲ್ಲೇ ತೇವ, ಬೆವರು ಆರುವುದಿಲ್ಲ. ಕ್ಯಾಪಿನೊಳಗೆ ಕೂದಲು ಸಂಜೆಯವರೆಗೆ ಒದ್ದೆಯಾಗಿಯೇ ಇರುತ್ತದೆ. ಇಲ್ಲಿ ಒಣ ಬಿಸಿಲು, ಬೆವರು ಬೇಗ ಆರುತ್ತದೆ, ಆದರೆ ಉಪ್ಪು ಉಳಿಯುತ್ತದೆ. ಆ ಉಪ್ಪು ತುರಿಸುತ್ತದೆ. ಸ್ಕಾರ್ಫಿನ ಮೇಲಿನಿಂದಲೇ ಪಿನ್ ತಲೆಯಿಂದ ತುರಿಸಿಕೊಳ್ಳುವ ಅಭ್ಯಾಸ ನಮಗೆಲ್ಲ ಗೊತ್ತು. ಆ ತುರಿಕೆಯೇ ಸಾಕಷ್ಟು ಕೂದಲನ್ನು ಮುರಿಯುತ್ತದೆ.

ಮದ್ದು ಬಾಟಲಿಯಲ್ಲಿಲ್ಲ, ಮಧ್ಯಾಹ್ನದ ಹತ್ತು ನಿಮಿಷದಲ್ಲಿದೆ. ಲುಹರ್ ನಮಾಝಿಗೆ ವುಝೂ ಮಾಡುವಾಗ ಹೇಗೂ ಸ್ಕಾರ್ಫ್ ಸಡಿಲಿಸುತ್ತೇವೆ. ಶಾಫಿಈ ಪದ್ಧತಿಯ ನಮಗೆ ತಲೆಯ ಸ್ವಲ್ಪ ಭಾಗ ಸವರಿದರೂ ಸಾಕು. ಇಲ್ಲಿನ ಹನಫಿ ಆಪಾಗಳು ಕಾಲು ಭಾಗ ಸವರುತ್ತಾರೆ. ಎಷ್ಟೇ ಇರಲಿ, ಆ ನೀರಿನ ಮೇಲೆಯೇ ಬೆಳಗ್ಗಿನ ಬೆವರಿದ ಕ್ಯಾಪನ್ನು ಮತ್ತೆ ಎಳೆದುಕೊಳ್ಳುತ್ತೇವಲ್ಲ, ತಪ್ಪಾಗುವುದು ಅಲ್ಲಿ. ಚೀಲದಲ್ಲಿ ಒಂದು ಹತ್ತಿಯ ಚಿಕ್ಕ ಟವೆಲ್ ಮತ್ತು ಇನ್ನೊಂದು ಒಣ ಕ್ಯಾಪ್ ಇರಲಿ. ಸೂಡಿ ಬಿಚ್ಚಿ, ಹಣೆಯಂಚು ಮತ್ತು ಕುತ್ತಿಗೆಯನ್ನು ಉಜ್ಜದೆ ಒತ್ತಿ ಒರೆಸಿ, ಐದು ನಿಮಿಷ ಹಾಗೇ ಬಿಟ್ಟು, ಒಣ ಕ್ಯಾಪ್ ಹಾಕಿ. ದಿನಕ್ಕೆ ಎರಡರಂತೆ, ಒಗೆದು ಒಣಗುವ ಹೊತ್ತೂ ಸೇರಿ, ಒಬ್ಬರಿಗೆ ನಾಲ್ಕೈದು ಕ್ಯಾಪ್ ಸಾಕು. ಒಗೆಯದ ಕ್ಯಾಪನ್ನು ಮರುದಿನ ಹಾಕಬೇಡಿ.

ತಲೆಸ್ನಾನವನ್ನು ರಾತ್ರಿಗೆ ಬದಲಿಸಿದರೆ ಅರ್ಧ ತೊಂದರೆ ಮುಗಿಯಿತು. ಇಲ್ಲಿನ ಬೇಸಿಗೆಯಲ್ಲಿ ಬಿಚ್ಚಿಟ್ಟ ಕೂದಲು ಬೇಗ ಒಣಗುತ್ತದೆ, ಅದು ಕರಾವಳಿಯ ಮಳೆಗಾಲದಲ್ಲಿ ಸಿಗದ ಅನುಕೂಲ. ವಾರಕ್ಕೆ ಎರಡು ಮೂರು ಬಾರಿ ಶಾಂಪೂ ಸಾಕು, ಅದು ನೆತ್ತಿಗೆ, ಕೂದಲ ತುದಿಗಲ್ಲ. ಬೋರ್ ನೀರು ಗಡಸಾಗಿದ್ದರೆ ಸಾಬೂನು ಬೇಡ. ಗಡಸು ನೀರಿನಲ್ಲಿ ಸಾಬೂನು ಬಿಳಿ ಜಿಡ್ಡಾಗಿ ಕೂದಲಿಗೆ ಅಂಟುತ್ತದೆ. ತೆಂಗಿನೆಣ್ಣೆ ಬಿಡಬೇಕಾಗಿಲ್ಲ. ತೊಳೆಯುವ ಮೊದಲು ಹಚ್ಚಿದರೆ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ಅದು ತಗ್ಗಿಸುತ್ತದೆ. ಆದರೆ ಎಣ್ಣೆ ಮೆತ್ತಿದ ನೆತ್ತಿಯ ಮೇಲೆ ದಿನವಿಡೀ ಕ್ಯಾಪ್ ಹಾಕಿದರೆ ತಲೆಹೊಟ್ಟಿಗೆ ನಾವೇ ಅನ್ನ ಹಾಕಿದಂತೆ. ಹೊಟ್ಟು ಹಳದಿಯಾಗಿ, ಜಿಡ್ಡಾಗಿ, ತುರಿಕೆ ಜೋರಾಗಿದ್ದರೆ 2% ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಬಾರಿ, ಐದು ನಿಮಿಷ ಬಿಟ್ಟು ತೊಳೆದರೆ ಎರಡರಿಂದ ನಾಲ್ಕು ವಾರದಲ್ಲಿ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ.

ಚಪ್ಪಟೆ ಕೂದಲು ರೋಗವಲ್ಲ

ಮದುವೆ ಮನೆಯಲ್ಲಿ, ಹೆಂಗಸರ ಕೋಣೆಯಲ್ಲಿ ಸ್ಕಾರ್ಫ್ ತೆಗೆದಾಗ ಕೂದಲು ತಲೆಗೆ ಅಂಟಿಕೊಂಡಂತಿದ್ದರೆ "ಏನೇ, ಕೂದಲೆಲ್ಲ ಹೋಯ್ತಾ?" ಎಂದು ಕೇಳುವವರಿದ್ದಾರೆ. ಹೋಗಿಲ್ಲ. ಕೂದಲು ತೇವವಾದಾಗ ಅದರೊಳಗಿನ ಕೆಲವು ದುರ್ಬಲ ಬಂಧಗಳು ಬಿಡುತ್ತವೆ, ಒಣಗುವಾಗ ಇದ್ದ ಭಂಗಿಯಲ್ಲೇ ಮತ್ತೆ ಕೂಡುತ್ತವೆ. ಬೆವರಿನಿಂದ ತೇವವಾಗಿ, ಕ್ಯಾಪಿನ ಅಡಿಯಲ್ಲಿ ಒತ್ತಿಕೊಂಡೇ ಒಣಗಿದರೆ ಚಪ್ಪಟೆಯಾಗಿಯೇ ನಿಲ್ಲುತ್ತದೆ. ಇಸ್ತ್ರಿಯ ಲೆಕ್ಕವೂ ಇದೇ.

ಬಿಡಿಸುವುದೂ ಹಾಗೆಯೇ. ಬೆರಳ ತುದಿ ನೀರಿಗೆ ಅದ್ದಿ ಬುಡದಲ್ಲಿ ಮಾತ್ರ ಸವರಿ, ಬೈತಲೆಯನ್ನು ಎದುರು ಬದಿಗೆ ತೆಗೆದು, ತಲೆ ಬಗ್ಗಿಸಿ ಫ್ಯಾನ್ ಕೆಳಗೆ ಹತ್ತು ನಿಮಿಷ ಒಣಗಿಸಿ. ಆಮೇಲೆ ಬೈತಲೆ ಸರಿಮಾಡಿದರೆ ಕೂದಲು ಎದ್ದು ನಿಲ್ಲುತ್ತದೆ. ವಾರಕ್ಕೊಮ್ಮೆ ಬೈತಲೆಯ ಜಾಗ ಬದಲಿಸುವುದು ಎಳೆತಕ್ಕೂ ಒಳ್ಳೆಯದು. ಉಬ್ಬಿ ಕಾಣಲೆಂದು ಕ್ಯಾಪಿನೊಳಗೆ ದೊಡ್ಡ ಕ್ಲಿಪ್ ಇಡುವುದು ಬೇಡ. ಅದರ ಭಾರವೂ ಅದೇ ಕೂದಲ ಮೇಲೆಯೇ.

ಯಾವಾಗ ಡಾಕ್ಟರ್?

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕ್ಯಾಪಿನಲ್ಲಿ ಸಿಕ್ಕ ಕೂದಲನ್ನು ಬಿಳಿ ಕಾಗದದ ಮೇಲಿಡಿ. ಒಂದು ತುದಿಯಲ್ಲಿ ಪುಟ್ಟ ಬಿಳಿ ಗೆಡ್ಡೆ ಇದ್ದರೆ ಅದು ಬೇರಿನಿಂದ ಬಂದದ್ದು. ಗೆಡ್ಡೆಯಿಲ್ಲದ ಗಿಡ್ಡ ತುಂಡುಗಳಾದರೆ ನಡುವೆ ಮುರಿದದ್ದು, ಅದು ಉಜ್ಜುವಿಕೆಯ ಕೆಲಸ. ದಿನಕ್ಕೆ 50ರಿಂದ 100 ಕೂದಲು ಬೇರಿನಿಂದ ಉದುರುವುದು ಎಲ್ಲರಿಗೂ ಸಹಜ. ಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಇಡೀ ತಲೆಯಿಂದ ಅದಕ್ಕಿಂತ ಹೆಚ್ಚು ಉದುರಬಹುದು, ಅದಕ್ಕೆ ಕ್ಯಾಪ್ ಕಾರಣವಲ್ಲ. ಬೈತಲೆಯೇ ಅಗಲವಾಗುತ್ತಾ ಬಂದರೂ ಕ್ಯಾಪನ್ನು ದೂರಬೇಡಿ, ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಆ ಟೀಚರ್ ಕ್ಯಾಪ್, ಸೂಡಿ, ಮಧ್ಯಾಹ್ನದ ಅಭ್ಯಾಸ ಮೂರನ್ನೂ ಬದಲಿಸಿದಳು. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಎರಡೂ ಕಪಾಲದ ಫೋಟೋ ತೆಗೆದಿಟ್ಟಳು. ಮೊದಲ ತಿಂಗಳಲ್ಲಿ ತಲೆನೋವು, ಗುಳ್ಳೆ ಹೋದವು. ಕೂದಲಿನಲ್ಲಿ ಏನೂ ಕಾಣಲಿಲ್ಲ. ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂ.ಮೀ., ಹಾಗಾಗಿ ಹದಿನೈದು ದಿನಕ್ಕೆ ಫಲ ತೋರಿಸುತ್ತೇವೆ ಎನ್ನುವ ಎಣ್ಣೆಗಳನ್ನು ನಂಬಬಾರದು. ಮೂರನೇ ತಿಂಗಳಿಗೆ ಗಿಡ್ಡ ಕೂದಲು ಎದ್ದವು. ಆರನೇ ತಿಂಗಳಿಗೆ ಎಡ ಕಪಾಲ ಹೆಚ್ಚುಕಡಿಮೆ ತುಂಬಿತು. ಬಲಗಡೆ, ಪಿನ್ ಚುಚ್ಚುತ್ತಿದ್ದ ಕಡೆ, ರೂಪಾಯಿ ನಾಣ್ಯದಷ್ಟು ಜಾಗ ಹಾಗೆಯೇ ಉಳಿಯಿತು. ಅಲ್ಲಿ ಚರ್ಮ ನುಣುಪಾಗಿ ಹೊಳೆಯುತ್ತಿತ್ತು, ರಂಧ್ರಗಳೇ ಕಾಣುತ್ತಿರಲಿಲ್ಲ. ಅಂದರೆ ಬೇರು ಸತ್ತು ಗಾಯದ ಕಲೆಯಾಗಿದೆ. ಅಲ್ಲಿ ಇನ್ನು ಯಾವ ಎಣ್ಣೆಯೂ ಕೂದಲು ತರುವುದಿಲ್ಲ.

ನಾವು ಹೇಳಬೇಕಾದ ಮುಖ್ಯ ಮಾತು ಇದೇ. ಈ ತೊಂದರೆ ಬೇಗ ಕಂಡರೆ ಹಿಂದಕ್ಕೆ ಹೋಗುತ್ತದೆ, ತಡವಾದರೆ ಹೋಗುವುದಿಲ್ಲ. "ಮುಚ್ಚಿಕೊಂಡೇ ಇರ್ತೀಯಲ್ಲ, ಯಾರು ನೋಡ್ತಾರೆ?" ಎಂಬ ಮಾತು ಆ ಸಮಯವನ್ನೇ ತಿಂದುಹಾಕುತ್ತದೆ. ಗುಳ್ಳೆಗಳಲ್ಲಿ ಕೀವು, ಹೊಳೆಯುವ ಚರ್ಮ, ಮಕ್ಕಳ ತಲೆಯಲ್ಲಿ ಹೊಟ್ಟೇಳುವ ದುಂಡು ಬೋಳು, ಅಥವಾ ಸಡಿಲಿಸಿ ಮೂರು ತಿಂಗಳಾದರೂ ಏನೂ ಎದ್ದಿಲ್ಲ ಎಂದಾದರೆ ಚರ್ಮವೈದ್ಯರಿಗೆ ತೋರಿಸಲೇಬೇಕು. ಅಫಜಲಪುರದಿಂದ ಕಲಬುರಗಿಗೆ ಸುಮಾರು 60 ಕಿ.ಮೀ., ಹೋಗಿ ಬರಲು ಒಂದು ದಿನದ ಕೂಲಿಯೋ ರಜೆಯೋ ಹೋಗುತ್ತದೆ. ಆದರೂ ವರ್ಷವಿಡೀ ಎಣ್ಣೆಗೆ ಸುರಿಯುವುದಕ್ಕಿಂತ ಅದೇ ಅಗ್ಗ. ಮಿನಾಕ್ಸಿಡಿಲ್ ಎಂಬ ಔಷಧಿಯನ್ನು ಮೆಡಿಕಲ್ ಅಂಗಡಿಯಿಂದ ತಾವೇ ತಂದು ಹಚ್ಚಬೇಡಿ, ಅದರಲ್ಲೂ ಗರ್ಭಿಣಿಯರು ಮತ್ತು ಹಾಲುಣಿಸುವವರು. ಎಳೆತ ನಿಲ್ಲಿಸದೆ ಹಚ್ಚಿದರೆ ಅದೂ ದಂಡ.

ಹೆಣ್ಣುಮಕ್ಕಳು ಮಾತ್ರ ಬದಲಾದರೆ ಸಾಲದು. ಕೆಲಸದ ಜಾಗದಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಚಿಕ್ಕ ಕೋಣೆ, ಅದರಲ್ಲಿ ಒಂದು ಫ್ಯಾನ್ ಇಲ್ಲದಿದ್ದರೆ ಮಧ್ಯಾಹ್ನದ ಹತ್ತು ನಿಮಿಷ ಎಲ್ಲಿಂದ ಬರಬೇಕು? ನಮ್ಮ ಸಮುದಾಯದವರೇ ನಡೆಸುವ ಶಾಲೆ, ಅಂಗಡಿ, ಆಸ್ಪತ್ರೆಗಳಲ್ಲಿ ಹೆಂಗಸರಿಗೆ ನಮಾಝಿನ ಜಾಗ ಕೊಡುವಾಗ ಒಂದು ಕನ್ನಡಿ, ಒಂದು ಫ್ಯಾನ್, ಒಂದು ಚಿಲಕವನ್ನೂ ಸೇರಿಸಲಿ. ಅಷ್ಟರವರೆಗೆ ಪ್ರತಿ ಮನೆಯಲ್ಲೂ ಒಂದು ಕೆಲಸ ಆಗಬಹುದು. ಇವತ್ತು ಸಂಜೆ ಸ್ಕಾರ್ಫ್ ತೆಗೆದ ಮೇಲೆ ಅಳತೆ ಟೇಪ್ ತಂದು ಮನೆಯ ಎಲ್ಲ ಕ್ಯಾಪ್‌ಗಳನ್ನೂ ಅಳೆದು ನೋಡಿ, ಮೊದಲು ಮಕ್ಕಳದ್ದನ್ನು.